ಕೆಲಸಕ್ಕೆ ಮೊದಲು ದುಡ್ಡು ಕೇಳಿದರೆ: ರೆಸ್ಯೂಮ್ ಸೇವೆ ಮತ್ತು ನಕಲಿ ರಿಕ್ರೂಟರ್‌ಗಳನ್ನು ಪರೀಕ್ಷಿಸುವುದು ಹೇಗೆ

ಕಳೆದ ವರ್ಷ ಜೂನ್‌ನಲ್ಲಿ ಒಂದು ಸಂಜೆ ನನ್ನ ಚಿಕ್ಕಮ್ಮನ ಮಗ ಫೋನ್ ಮಾಡಿದ. ಹಾಸನದಲ್ಲಿ ಬಿ.ಕಾಂ. ಮುಗಿಸಿ ಬೆಂಗಳೂರಿಗೆ ಬಂದು, ವಿಜಯನಗರದ ಒಂದು ಪಿ.ಜಿ.ಯಲ್ಲಿದ್ದುಕೊಂಡು ಅಕೌಂಟ್ಸ್ ಕೆಲಸ ಹುಡುಕುತ್ತಿದ್ದ. "ಅಕ್ಕಾ, ಆಫರ್ ಲೆಟರ್ ಬಂತು! ಲ್ಯಾಪ್‌ಟಾಪ್‌ಗೆ ಡೆಪಾಸಿಟ್ ಕಟ್ಟಬೇಕಂತೆ, ಒಂಬತ್ತೂವರೆ ಸಾವಿರ. ಮೊದಲನೇ ಸಂಬಳದ ಜೊತೆ ವಾಪಸ್ ಕೊಡ್ತಾರಂತೆ. ನಿನ್ನ ಹತ್ರ ಇದ್ಯಾ?"

ನಾನು ಒಂಬತ್ತು ವರ್ಷ ಬೆಂಗಳೂರಿನ ರಿಕ್ರೂಟ್‌ಮೆಂಟ್ ಕನ್ಸಲ್ಟೆನ್ಸಿಯಲ್ಲಿ ಕೆಲಸ ಮಾಡಿದವಳು. ಡೆಪಾಸಿಟ್ ಅನ್ನುವ ಮಾತು ಕೇಳಿದ ತಕ್ಷಣ ಎದೆ ಧಸಕ್ಕಂತು. ಕೇಳುತ್ತಾ ಹೋದಂತೆ ಪೂರ್ತಿ ಕಥೆ ಹೊರಬಂತು. ಹತ್ತು ದಿನದ ಹಿಂದೆಯೇ "ರೆಸ್ಯೂಮ್ ಸರಿಮಾಡಲು" 1,499 ರೂಪಾಯಿ ಕಟ್ಟಿಬಿಟ್ಟಿದ್ದ. ರೆಸ್ಯೂಮ್ ದುಡ್ಡು ಕೇಳಿದವರೂ ಡೆಪಾಸಿಟ್ ಕೇಳಿದವರೂ ಬೇರೆ ಬೇರೆ ಹೆಸರು ಹೇಳಿದ್ದರು. ಆದರೆ ಎರಡೂ ಒಂದೇ ದಾರದಲ್ಲಿ ಪೋಣಿಸಿದ್ದವು.

ಆ ರಾತ್ರಿ ನಾವಿಬ್ಬರೂ ಕೂತು ಏನೇನು ಪರೀಕ್ಷೆ ಮಾಡಿದೆವೋ ಅದನ್ನೇ ಇಲ್ಲಿ ಹಂತಹಂತವಾಗಿ ಬರೆಯುತ್ತಿದ್ದೇನೆ. ಅದಕ್ಕೆ ಮೊದಲು ಒಂದು ವಿಷಯ ಗೊತ್ತಿರಬೇಕು.

ಕನ್ಸಲ್ಟೆನ್ಸಿಗೆ ದುಡ್ಡು ಎಲ್ಲಿಂದ ಬರುತ್ತದೆ

ಆಫೀಸ್ ಕೆಲಸಗಳಿಗೆ ಜನರನ್ನು ಹುಡುಕಿಕೊಡುವ ಕನ್ಸಲ್ಟೆನ್ಸಿಗೆ ದುಡ್ಡು ಕೊಡುವುದು ಕಂಪನಿ, ಕೆಲಸ ಹುಡುಕುವವರಲ್ಲ. ನಮ್ಮಲ್ಲಿ ತುಂಬಾ ಚಾಲ್ತಿಯಲ್ಲಿರುವ ಲೆಕ್ಕ ವರ್ಷದ ಸಿ.ಟಿ.ಸಿ., ಅಂದರೆ ಕಂಪನಿ ನಿಮಗೆ ಅಂತ ಹೇಳುವ ವರ್ಷದ ಒಟ್ಟು ಸಂಬಳದ ಲೆಕ್ಕ, ಅದರ 8.33 ಪರ್ಸೆಂಟ್. ಅಂದರೆ ಹೆಚ್ಚುಕಡಿಮೆ ಒಂದು ತಿಂಗಳ ಸಂಬಳದಷ್ಟು. ನನ್ನ ತಮ್ಮನಿಗೆ ತೋರಿಸಿದ್ದು ವರ್ಷಕ್ಕೆ 4.2 ಲಕ್ಷದ ಕೆಲಸ. ಅದು ನಿಜವಾಗಿದ್ದರೆ ಅವನು ಸೇರಿದ ಮೇಲೆ ಕಂಪನಿಯಿಂದ ಕನ್ಸಲ್ಟೆನ್ಸಿಗೆ ಸುಮಾರು 35,000 ರೂಪಾಯಿ ಬರುತ್ತಿತ್ತು.

ಈ ದುಡ್ಡಿಗೆ ಷರತ್ತೂ ಇರುತ್ತದೆ. ಅಭ್ಯರ್ಥಿ ಕೆಲಸಕ್ಕೆ ಸೇರಿದ ಮೇಲೆಯೇ ಬಿಲ್ ಹಾಕಬೇಕು. ಎರಡು ಮೂರು ತಿಂಗಳೊಳಗೆ ಅವನು ಬಿಟ್ಟುಹೋದರೆ ಬೇರೆಯವರನ್ನು ಹುಡುಕಿಕೊಡಬೇಕು, ಇಲ್ಲವೇ ದುಡ್ಡು ವಾಪಸ್ ಕೊಡಬೇಕು. ಅದಕ್ಕೇ ನಿಜವಾದ ರಿಕ್ರೂಟರ್ ನಿಮ್ಮ ಹಿಂದೆ ಬೀಳುವುದು ಬೇರೆ ವಿಷಯಕ್ಕೆ. "ಇಂಟರ್‌ವ್ಯೂಗೆ ಹೊರಟ್ರಾ?", "ನೋಟಿಸ್ ಪೀರಿಯಡ್ ಎಷ್ಟು?", "ಸೋಮವಾರ ಜಾಯಿನ್ ಆದ್ರಾ?" ನಾನು ಈ ಮೂರು ಪ್ರಶ್ನೆಗಳನ್ನು ಒಂಬತ್ತು ವರ್ಷ ಕೇಳಿದ್ದೇನೆ. ನೀವು ಸೇರದಿದ್ದರೆ ನನಗೆ ಒಂದು ರೂಪಾಯಿಯೂ ಇಲ್ಲ.

ನಕಲಿ ರಿಕ್ರೂಟರ್‌ಗೆ ನೀವು ಸೇರುವುದು ಬೇಕಾಗಿಲ್ಲ. ಇಂಟರ್‌ವ್ಯೂ ಹತ್ತು ನಿಮಿಷದಲ್ಲಿ ಮುಗಿಯುತ್ತದೆ, ಹಣ ಕಟ್ಟುವ ಮಾತು ದಿನಕ್ಕೆ ನಾಲ್ಕು ಸಲ ಬರುತ್ತದೆ. ರಿಜಿಸ್ಟ್ರೇಷನ್, ಡಾಕ್ಯುಮೆಂಟ್ ವೆರಿಫಿಕೇಷನ್, ಟ್ರೇನಿಂಗ್ ಕಿಟ್, ಲ್ಯಾಪ್‌ಟಾಪ್ ಡೆಪಾಸಿಟ್, ಯಾವ ಹೆಸರಲ್ಲಿ ಕೇಳಿದರೂ ಅಷ್ಟೇ. ವಾಪಸ್ ಕೊಡ್ತೀವಿ ಅಂದರೂ ಅಷ್ಟೇ. ಬ್ಯಾಕ್‌ಗ್ರೌಂಡ್ ವೆರಿಫಿಕೇಷನ್ ಖರ್ಚು ಕಂಪನಿಯದು, ಲ್ಯಾಪ್‌ಟಾಪ್ ಕೂಡ ಕಂಪನಿಯದು.

ಮೊದಲನೇ ಬಲೆ: "ನಿಮ್ಮ ಎ.ಟಿ.ಎಸ್. ಸ್ಕೋರ್ 38 ಇದೆ"

ನನ್ನ ತಮ್ಮ ಒಂದು ಜಾಬ್ ಪೋರ್ಟಲ್‌ನಲ್ಲಿ ರೆಸ್ಯೂಮ್ ಹಾಕಿದ ನಾಲ್ಕನೇ ದಿನ ಒಬ್ಬಳು ಫೋನ್ ಮಾಡಿದ್ದಳು. "ಸರ್, ಒಂದು ಎಂ.ಎನ್.ಸಿ. ನಿಮ್ಮ ಪ್ರೊಫೈಲ್ ಶಾರ್ಟ್‌ಲಿಸ್ಟ್ ಮಾಡಿದೆ. ಆದ್ರೆ ನಿಮ್ಮ ರೆಸ್ಯೂಮ್ ಎ.ಟಿ.ಎಸ್. ಸ್ಕೋರ್ 38. ಕನಿಷ್ಠ 80 ಬೇಕು. ನಮ್ಮ ಟೀಮ್ ಸರಿಮಾಡಿಕೊಡುತ್ತೆ, ಇವತ್ತು ಮಾತ್ರ 1,499." ಸಾಕ್ಷಿಗೆ ಕೆಂಪು ಮೀಟರ್ ಇರುವ ಒಂದು ಚಿತ್ರವನ್ನೂ ವಾಟ್ಸಾಪ್‌ಗೆ ಕಳಿಸಿದಳು. ಅವನು ಹೆದರಿ ಕಟ್ಟಿಬಿಟ್ಟ.

ಎ.ಟಿ.ಎಸ್. ಅಂದರೆ ಅಪ್ಲಿಕೆಂಟ್ ಟ್ರ್ಯಾಕಿಂಗ್ ಸಿಸ್ಟಮ್. ಬಂದ ಅರ್ಜಿಗಳನ್ನು ಜೋಡಿಸಿಡುವ ಸಾಫ್ಟ್‌ವೇರ್. ಒಂದೊಂದು ಕಂಪನಿ ಒಂದೊಂದನ್ನು ಬಳಸುತ್ತದೆ. ಅದು ರೆಸ್ಯೂಮ್‌ನಿಂದ ಹೆಸರು, ಫೋನ್, ಓದು, ಅನುಭವ ಎಲ್ಲವನ್ನೂ ಹೆಕ್ಕಿ ಬೇರೆ ಬೇರೆ ಕಾಲಂಗಳಲ್ಲಿ ಹಾಕುತ್ತದೆ. ಆಮೇಲೆ ರಿಕ್ರೂಟರ್ "ಟ್ಯಾಲಿ", "ಜಿ.ಎಸ್.ಟಿ. ರಿಟರ್ನ್" ಅಂತ ಹುಡುಕಿದಾಗ ಹೊಂದುವವರು ಮೇಲೆ ಬರುತ್ತಾರೆ. ಕೆಲವು ಸಾಫ್ಟ್‌ವೇರ್ ಒಂದು ನಿರ್ದಿಷ್ಟ ಕೆಲಸಕ್ಕೆ ರೆಸ್ಯೂಮ್ ಎಷ್ಟು ಹೊಂದುತ್ತದೆ ಅಂತ ಅಂಕಿಯನ್ನೂ ತೋರಿಸುತ್ತವೆ. ಆದರೆ ಎಲ್ಲ ಕಂಪನಿಗಳಿಗೂ ಒಂದೇ ಅನ್ನುವಂಥ ಸ್ಕೋರ್ ಇಲ್ಲ. ಯಾವ ಕಂಪನಿ, ಯಾವ ಕೆಲಸ ಅಂತ ಹೇಳದೆ ಹೊರಗಿನವರು "ನಿಮ್ಮದು 38" ಅಂದರೆ ಆ ಅಂಕಿಗೆ ಅರ್ಥವೇ ಇಲ್ಲ. ಮಾತಿನಲ್ಲೇ ಇನ್ನೊಂದು ಬಿರುಕೂ ಇತ್ತು. ಕಂಪನಿ ಆಗಲೇ ಶಾರ್ಟ್‌ಲಿಸ್ಟ್ ಮಾಡಿದೆ ಅಂದಮೇಲೆ ರೆಸ್ಯೂಮ್ ಸಾಲಲ್ಲ ಅನ್ನುವುದು ಹೇಗೆ?

ನಿಮ್ಮ ರೆಸ್ಯೂಮ್ ಸಾಫ್ಟ್‌ವೇರ್‌ಗೆ ಓದಲು ಬರುತ್ತದೋ ಇಲ್ಲವೋ ನೀವೇ ನೋಡಬಹುದು, ಖರ್ಚಿಲ್ಲ. ಪಿ.ಡಿ.ಎಫ್. ತೆರೆದು ಪೂರ್ತಿ ಸೆಲೆಕ್ಟ್ ಮಾಡಿ, ಕಾಪಿ ಮಾಡಿ, ನೋಟ್‌ಪ್ಯಾಡ್‌ನಲ್ಲಿ ಪೇಸ್ಟ್ ಮಾಡಿ. ಹೆಸರು, ಫೋನ್, ಓದು, ಅನುಭವ ಸಾಲಾಗಿ ಬಂದರೆ ಆಯ್ತು. ಎಡಗಡೆ ಕಾಲಂನ ಸಾಲು ಬಲಗಡೆಯದರ ಜೊತೆ ಕಲೆತುಹೋದರೆ ಸಾಫ್ಟ್‌ವೇರ್‌ಗೂ ಹಾಗೇ ಕಾಣಬಹುದು. ಆಗ ಎರಡು ಕಾಲಂ, ಟೇಬಲ್, ಐಕಾನ್‌ಗಳನ್ನು ತೆಗೆದು ಒಂದೇ ಕಾಲಂನಲ್ಲಿ ಬರೆಯಿರಿ. ಏನೂ ಪೇಸ್ಟ್ ಆಗದಿದ್ದರೆ ನಿಮ್ಮ ರೆಸ್ಯೂಮ್ ಒಂದು ಚಿತ್ರ ಅಷ್ಟೇ, ವರ್ಡ್‌ನಿಂದ ಮತ್ತೆ ಪಿ.ಡಿ.ಎಫ್. ಮಾಡಿ.

1,499 ಕೊಟ್ಟು ತಮ್ಮ ಪಡೆದ ಹೊಸ ರೆಸ್ಯೂಮ್ ಮೇಲೆ ಇದೇ ಪರೀಕ್ಷೆ ಮಾಡಿದೆವು. ಬಣ್ಣದ ಎರಡು ಕಾಲಂ, ಕೌಶಲಗಳಿಗೆ ಚುಕ್ಕೆಗಳ ಮೀಟರ್. ನೋಟ್‌ಪ್ಯಾಡ್‌ನಲ್ಲಿ ಫೋನ್ ನಂಬರ್ ಹೋಗಿ ಡಿಗ್ರಿಯ ಪಕ್ಕ ಕೂತಿತ್ತು. ಅವನ ಹಳೇ ರೆಸ್ಯೂಮ್ ಚೆನ್ನಾಗಿ ಓದಿಸಿಕೊಂಡಿತು.

ದುಡ್ಡು ಕೊಟ್ಟು ರೆಸ್ಯೂಮ್ ಬರೆಸುವುದೇ ಮೋಸ ಅಂತ ನಾನು ಹೇಳುತ್ತಿಲ್ಲ. ಒಳ್ಳೆಯ ಬರಹಗಾರರು ಇದ್ದಾರೆ, ದೊಡ್ಡ ಜಾಬ್ ಪೋರ್ಟಲ್‌ಗಳೂ ಈ ಸೇವೆ ಮಾರುತ್ತವೆ. ವ್ಯತ್ಯಾಸ ಗೊತ್ತಾಗುವುದು ಅವರು ಕೇಳುವ ಪ್ರಶ್ನೆಗಳಿಂದ. ಪ್ರಾಮಾಣಿಕವಾಗಿ ಬರೆಯುವವರು ಮೊದಲು ಅರ್ಧ ಗಂಟೆಯಾದರೂ ನಿಮ್ಮ ಜೊತೆ ಮಾತಾಡುತ್ತಾರೆ. ಯಾವ ಕೆಲಸ ಬೇಕು, ಹಿಂದಿನ ಕಡೆ ತಿಂಗಳಿಗೆ ಎಷ್ಟು ಇನ್‌ವಾಯ್ಸ್ ನೋಡುತ್ತಿದ್ರಿ, ಯಾವ ಸಾಫ್ಟ್‌ವೇರ್ ಬರುತ್ತೆ ಅಂತ ಕೇಳುತ್ತಾರೆ. ಡ್ರಾಫ್ಟ್ ತೋರಿಸಿ ತಿದ್ದುತ್ತಾರೆ. ಇಂಟರ್‌ವ್ಯೂ ಗ್ಯಾರಂಟಿ ಅನ್ನುವುದಿಲ್ಲ, ಯಾಕೆಂದರೆ ಅದು ಅವರ ಕೈಯಲ್ಲಿಲ್ಲ. ತಮ್ಮನಿಗೆ ಯಾರೂ ಒಂದು ಪ್ರಶ್ನೆಯನ್ನೂ ಕೇಳಿರಲಿಲ್ಲ. ಕೆಲಸ ಮತ್ತು ರೆಸ್ಯೂಮ್ ಸೇವೆ ಎರಡನ್ನೂ ಒಬ್ಬರೇ ಒಂದೇ ಕರೆಯಲ್ಲಿ ತಂದರೆ, ಆ ಕೆಲಸ ಇಲ್ಲ ಅಂತಲೇ ತಿಳಿಯಿರಿ.

ಈ ಮೊದಲ ಮೊತ್ತ ಸಣ್ಣದಿರುವುದಕ್ಕೂ ಕಾರಣ ಇದೆ. ಸಾವಿರ ಚಿಲ್ಲರೆಗೆ ಯಾರೂ ಠಾಣೆ ಹತ್ತಲ್ಲ. ಜೊತೆಗೆ, ಯಾರು ಕಟ್ಟುತ್ತಾರೆ ಅನ್ನುವುದು ಅವರಿಗೆ ಗೊತ್ತಾಗುತ್ತದೆ. ಹಾಗೆ ಕಟ್ಟಿದವರಿಗೇ ಆಫರ್ ಲೆಟರ್ ಬರುವುದು.

ಎರಡನೇ ಬಲೆ ಬಂದಾಗ: ಆ ರಾತ್ರಿ ನಾವು ಮಾಡಿದ ಪರೀಕ್ಷೆ

ಮೊದಲು ತಮ್ಮನ ಕೈಲಿ "ನಾಳೆ ಸಂಜೆ ಕಟ್ಟುತ್ತೇನೆ" ಅಂತ ಮೆಸೇಜ್ ಹಾಕಿಸಿದೆ. ಜಗಳ ಆಡಬೇಡ ಅಂದೆ. ಬೈದರೆ ಅವರು ಚಾಟ್ ಅಳಿಸಿ ನಂಬರ್ ಬ್ಲಾಕ್ ಮಾಡಿಬಿಡುತ್ತಾರೆ. ಸಮಯ ಸಿಕ್ಕಾಗ ಎಲ್ಲ ಚಾಟ್, ನಂಬರ್, ಲೆಟರ್, ರಸೀದಿಯ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡೆವು.

ಆಮೇಲೆ ಇಮೇಲ್ ವಿಳಾಸ. ಲೆಟರ್ ಒಂದು ದೊಡ್ಡ ಕಂಪನಿಯ ಹೆಸರಲ್ಲಿತ್ತು. ವಿಳಾಸದಲ್ಲೂ ಆ ಹೆಸರಿತ್ತು, ಅದಕ್ಕೇ ಅವನು ನಂಬಿದ್ದ. ಇಲ್ಲಿ ವಿಳಾಸವನ್ನು ಬಲಗಡೆಯಿಂದ ಓದಬೇಕು. ಕಂಪನಿಯ ವೆಬ್‌ಸೈಟ್ `example.com` ಅಂತ ಇಟ್ಟುಕೊಳ್ಳಿ. `hr@careers.example.com` ಅವರದೇ, ಯಾಕೆಂದರೆ ಕೊನೆಯಲ್ಲಿ ಚುಕ್ಕೆಯ ನಂತರ `example.com` ಹಾಗೇ ಇದೆ. `hr@example-careers.com` ಬೇರೆಯದೇ ಹೆಸರು. ನಡುವೆ ಒಂದು ಅಡ್ಡಗೆರೆ ಸೇರಿಸಿ ಯಾರು ಬೇಕಾದರೂ ಕೊಂಡುಕೊಳ್ಳಬಹುದು. ತಮ್ಮನಿಗೆ ಬಂದದ್ದು ಈ ಎರಡನೇ ಥರದ್ದು.

ಆ ಹೆಸರನ್ನು ಯಾವತ್ತು ಕೊಂಡರು ಅಂತಲೂ ನೋಡಬಹುದು. `lookup.icann.org` ಗೆ ಹೋಗಿ ಇಮೇಲ್‌ನ @ ಆದಮೇಲಿನ ಭಾಗ ಹಾಕಿ. ಮ್ಯಾಕ್ ಇದ್ದರೆ, ಅಥವಾ ಲಿನಕ್ಸ್‌ನಲ್ಲಿ `whois` ಹಾಕಿಕೊಂಡಿದ್ದರೆ, ಟರ್ಮಿನಲ್‌ನಲ್ಲೇ ಸಾಕು:

```
whois example-careers.com
```

ಉತ್ತರದಲ್ಲಿ, ಟರ್ಮಿನಲ್ ಆದರೆ `Creation Date`, ವೆಬ್‌ಸೈಟ್ ಆದರೆ `Created` ಅನ್ನುವ ಸಾಲು ಹುಡುಕಿ. ನಮ್ಮ ಲೆಟರ್‌ನ ಹೆಸರಿಗೆ ಹುಟ್ಟಿ 17 ದಿನ ಆಗಿತ್ತು. ಹತ್ತಾರು ವರ್ಷದಿಂದ ಇರುವ ಕಂಪನಿ 17 ದಿನದ ವಿಳಾಸದಿಂದ ಕೆಲಸ ಕೊಡುವುದಿಲ್ಲ, ಅಲ್ವಾ? ಹೊಸ ಸ್ಟಾರ್ಟ್‌ಅಪ್ ಆಗಿದ್ದರೆ ವಿಳಾಸವೂ ಹೊಸದಿರಬಹುದು. ಆದ್ದರಿಂದ ಕಂಪನಿ ತನ್ನ ವಯಸ್ಸು ಎಷ್ಟು ಅಂತ ಹೇಳಿಕೊಳ್ಳುತ್ತದೋ ಅದರ ಜೊತೆ ಇಟ್ಟು ನೋಡಿ.

ಒಮ್ಮೊಮ್ಮೆ ಕಳಿಸಿದವರ ಜಾಗದಲ್ಲಿ ಕಂಪನಿಯ ಅಸಲಿ ವಿಳಾಸವೇ ಕಾಣುವಂತೆ ಮಾಡಿರುತ್ತಾರೆ. ಆಗ ಕಂಪ್ಯೂಟರ್‌ನಲ್ಲಿ ಜಿಮೇಲ್ ತೆರೆದು, ಆ ಮೇಲ್‌ನ ಮೂರು ಚುಕ್ಕೆ ಒತ್ತಿ, `Show original` ಆರಿಸಿ. `DMARC` ಮುಂದೆ `FAIL` ಇದ್ದರೆ ಆ ಮೇಲ್ ನಂಬಬೇಡಿ. ಆದರೆ `PASS` ಇದ್ದ ಮಾತ್ರಕ್ಕೆ ಒಳ್ಳೆಯದು ಅಂತಲ್ಲ. ಕಾಣುವ ವಿಳಾಸದಿಂದಲೇ ಬಂದಿದೆ ಅಂತಷ್ಟೇ ಅದರ ಅರ್ಥ. ನಕಲಿ ವಿಳಾಸದಿಂದ ಬಂದ ಮೇಲ್‌ಗೂ `PASS` ಸಿಗುತ್ತದೆ. ತಮ್ಮನ ಮೇಲ್‌ಗೆ ಸಿಕ್ಕಿತ್ತು.

ಮುಂದೆ ಲೆಟರ್‌ನ ಕೆಳಗಿದ್ದ ಸಿ.ಐ.ಎನ್. ನೋಡಿದೆವು. ಅದು ಕಂಪನಿಯ 21 ಅಕ್ಷರ-ಅಂಕಿಗಳ ನೋಂದಣಿ ಸಂಖ್ಯೆ. `mca.gov.in` ನಲ್ಲಿ ಕಂಪನಿಯ ಮಾಸ್ಟರ್ ಡೇಟಾ ತೆಗೆದರೆ ಹೆಸರು, ನೋಂದಣಿ ದಿನ, ವಿಳಾಸ, ಇನ್ನೂ ನಡೆಯುತ್ತಿದೆಯಾ ಎಲ್ಲ ಸಿಗುತ್ತದೆ. ಲಾಗಿನ್ ಕೇಳಿದರೆ ಉಚಿತವಾಗಿ ಖಾತೆ ಮಾಡಿಕೊಳ್ಳಿ. ನಮ್ಮ ಲೆಟರ್‌ನ ಸಂಖ್ಯೆ ಪಕ್ಕಾ ಹೊಂದಿತು! ತಮ್ಮನ ಮುಖ ಅರಳಿತು. ಆದರೆ ಇದರಲ್ಲಿ ದೊಡ್ಡ ವಿಷಯವೇನೂ ಇಲ್ಲ. ಕಂಪನಿಗಳು ಈ ಸಂಖ್ಯೆಯನ್ನು ತಮ್ಮ ಲೆಟರ್‌ಹೆಡ್‌ನಲ್ಲೇ ಹಾಕುತ್ತವೆ, ಯಾರು ಬೇಕಾದರೂ ಕದ್ದು ಅಂಟಿಸಬಹುದು. ಲೋಗೋ, ಸೀಲು, ಸಹಿಯೂ ಹಾಗೇ. ಹೆಸರೇ ಕೇಳದ ಸಣ್ಣ ಕನ್ಸಲ್ಟೆನ್ಸಿ "ಪ್ರೈವೇಟ್ ಲಿಮಿಟೆಡ್" ಅಂತ ಹೇಳಿಕೊಂಡಾಗ ಮಾತ್ರ ಈ ಪರೀಕ್ಷೆ ಉಪಯೋಗಕ್ಕೆ ಬರುತ್ತದೆ. ಅಲ್ಲಿ ಹೆಸರೇ ಸಿಗದಿದ್ದರೆ ಅವರು ಸುಳ್ಳು ಹೇಳುತ್ತಿದ್ದಾರೆ.

ಅವರ ಗುಟ್ಟು ಬಿಟ್ಟುಕೊಟ್ಟದ್ದು 1,499ರ ರಸೀದಿ. ಅದರಲ್ಲಿ ಕೋರಮಂಗಲದ ವಿಳಾಸ, ಜಿ.ಎಸ್.ಟಿ. ಸಂಖ್ಯೆ ಎರಡೂ ಇದ್ದವು. ಜಿ.ಎಸ್.ಟಿ. ಸಂಖ್ಯೆಯ ಮೊದಲ ಎರಡು ಅಂಕಿ ರಾಜ್ಯದ್ದು. ಕರ್ನಾಟಕಕ್ಕೆ 29. ಆ ರಸೀದಿಯಲ್ಲಿ 09 ಇತ್ತು, ಅದು ಉತ್ತರ ಪ್ರದೇಶ. `gst.gov.in` ನಲ್ಲಿ `Search Taxpayer` ಒತ್ತಿ ಪೂರ್ತಿ ಸಂಖ್ಯೆ ಹಾಕಿದೆವು. ಬಂದ ಹೆಸರು ಒಂದು ಹಾರ್ಡ್‌ವೇರ್ ಅಂಗಡಿಯದು! ಪಾಪ, ಆ ಅಂಗಡಿಯವರಿಗೆ ಇದು ಗೊತ್ತೇ ಇರಲಿಕ್ಕಿಲ್ಲ.

ಯು.ಪಿ.ಐ. ಹೆಸರನ್ನೂ ನೋಡಿ. ಡೆಪಾಸಿಟ್‌ಗೆ ಕೊಟ್ಟ ಐ.ಡಿ.ಯನ್ನು ಆ್ಯಪ್‌ನಲ್ಲಿ ಹಾಕಿದರೆ, ಪಿನ್ ಕೇಳುವ ಮೊದಲೇ ಖಾತೆದಾರರ ಹೆಸರು ಬರುತ್ತದೆ. ಅಲ್ಲಿ ಬಂದದ್ದು ಯಾರೋ ಒಬ್ಬ ವ್ಯಕ್ತಿಯ ಹೆಸರು. ಕಂಪನಿಯ ದುಡ್ಡು ವ್ಯಕ್ತಿಯ ಖಾತೆಗೆ ಹೋಗುವುದಿಲ್ಲ. ಕೇಳಿದರೆ "ಅವರು ನಮ್ಮ ಫೈನಾನ್ಸ್ ಮ್ಯಾನೇಜರ್" ಅನ್ನುತ್ತಾರೆ. ಆ ಉತ್ತರ ಬಂದರೆ ಬೇರೆ ಪರೀಕ್ಷೆ ಬೇಕಿಲ್ಲ.

ಬೆಳಗ್ಗೆ ಕಂಪನಿಗೇ ಕೇಳಿದೆವು. ಲೆಟರ್‌ನಲ್ಲಿದ್ದ ನಂಬರ್‌ಗೆ ಅಲ್ಲ. ಕಂಪನಿಯ ವೆಬ್‌ಸೈಟ್ ವಿಳಾಸವನ್ನು ನಾವೇ ಟೈಪ್ ಮಾಡಿ, ಅಲ್ಲಿದ್ದ ನಂಬರ್‌ಗೆ. ಗೂಗಲ್‌ನಲ್ಲಿ "ಕಸ್ಟಮರ್ ಕೇರ್" ಅಂತ ಹುಡುಕಬೇಡಿ, ಅಲ್ಲೂ ನಕಲಿ ನಂಬರ್ ಹಾಕಿರುತ್ತಾರೆ. ಕರಿಯರ್ಸ್ ಪುಟದಲ್ಲಿ ಆ ಜಾಬ್ ಐ.ಡಿ. ಹುಡುಕಿದೆವು, ಇರಲಿಲ್ಲ. ಎಚ್.ಆರ್. ಕಡೆಯವರು ಒಂದೇ ಮಾತು ಹೇಳಿದರು: "ಈ ಆಫರ್ ನಮ್ಮದಲ್ಲ." ದೊಡ್ಡ ಐ.ಟಿ. ಕಂಪನಿಗಳ ಕರಿಯರ್ಸ್ ಪುಟದಲ್ಲಿ "ನಾವು ಅಭ್ಯರ್ಥಿಗಳಿಂದ ಹಣ ಪಡೆಯುವುದಿಲ್ಲ" ಅನ್ನುವ ಎಚ್ಚರಿಕೆ ಸಾಮಾನ್ಯವಾಗಿ ಇರುತ್ತದೆ. ಒಂದು ಸಲ ಓದಿ.

ಇಷ್ಟನ್ನೂ ಮಾಡಲು ಸಮಯ ಇಲ್ಲದಿದ್ದರೆ ಈ ಕೊನೆಯದೊಂದನ್ನು ಮಾತ್ರ ಮಾಡಿ. ಮಿಕ್ಕೆಲ್ಲವನ್ನೂ ಕದಿಯಬಹುದು. ಕಂಪನಿಯ ಒಳಗಿನವರ ಉತ್ತರವನ್ನು ಕದಿಯುವುದು ಕಷ್ಟ.

ಆಫೀಸ್ ಇದೆ, ಕಣ್ಣಾರೆ ನೋಡಿದೆ ಅಂದರೆ?

ಬೆಂಗಳೂರಿನಲ್ಲಿ ಗಂಟೆ ಲೆಕ್ಕದಲ್ಲಿ ಮೀಟಿಂಗ್ ರೂಮ್ ಬಾಡಿಗೆಗೆ ಸಿಗುತ್ತದೆ. ಗಾಜಿನ ಬಾಗಿಲು, ಎ.ಸಿ., ಟ್ಯಾಗ್ ಹಾಕಿಕೊಂಡ ಹುಡುಗರು, ಇವು ಯಾವುದಕ್ಕೂ ಸಾಕ್ಷಿಯಲ್ಲ. ಹೋದರೆ ಕೆಳಗಿನ ಸೆಕ್ಯುರಿಟಿಯವರನ್ನು "ಈ ಕಂಪನಿ ಇಲ್ಲಿ ಎಷ್ಟು ದಿನದಿಂದ ಇದೆ?" ಅಂತ ಕೇಳಿ. ಅವರಿಗೆ ಎಲ್ಲ ಗೊತ್ತಿರುತ್ತದೆ.

ಇನ್ನೊಂದು ಜಾತಿಯ ಆಫೀಸ್ ಇದೆ. ಅಲ್ಲಿ "ಬ್ಯಾಕ್‌ಡೋರ್" ಅನ್ನುವ ಮಾತು ಕೇಳಿಬರುತ್ತದೆ. ಲಕ್ಷಗಟ್ಟಲೆ ಕೊಟ್ಟರೆ ಒಳಗಿನವರ ಮೂಲಕ ಸೇರಿಸುತ್ತೇವೆ, ಎರಡು ವರ್ಷದ ಅನುಭವದ ಪತ್ರವನ್ನೂ ಮಾಡಿಕೊಡುತ್ತೇವೆ ಅನ್ನುತ್ತಾರೆ. ಇಲ್ಲಿ ದುಡ್ಡಿನ ಜೊತೆ ಹೆಸರೂ ಹೋಗುತ್ತದೆ. ಕಂಪನಿಗಳು ನಿಮ್ಮ ಪಿ.ಎಫ್. ಖಾತೆಗಳಿಗೆಲ್ಲ ಒಂದೇ ಆಗಿರುವ ಯು.ಎ.ಎನ್. ಸಂಖ್ಯೆಯ ಮೂಲಕ ನೀವು ಎಲ್ಲೆಲ್ಲಿ, ಯಾವಾಗ ಕೆಲಸ ಮಾಡಿದಿರಿ ಅಂತ ನೋಡುತ್ತವೆ. ಸುಳ್ಳು ಅನುಭವ ಅಲ್ಲಿ ಸಿಕ್ಕಿಬಿದ್ದರೆ ಸೇರಿದ ಮೇಲೂ ಕೆಲಸದಿಂದ ತೆಗೆಯುತ್ತಾರೆ. ಆಗ ದೂರು ಕೊಡಲೂ ಬಾಯಿ ಬರುವುದಿಲ್ಲ, ಯಾಕೆಂದರೆ ಸುಳ್ಳು ಪತ್ರ ಕೊಟ್ಟವರು ನೀವೇ.

ದುಡ್ಡು ಕಟ್ಟಿಬಿಟ್ಟಿದ್ದರೆ

ತಕ್ಷಣ 1930ಕ್ಕೆ ಫೋನ್ ಮಾಡಿ. ಸೈಬರ್ ವಂಚನೆಗೆ ಇರುವ ಸಹಾಯವಾಣಿ ಅದು. ನಿಮ್ಮ ಬ್ಯಾಂಕ್, ಕಟ್ಟಿದ ಮೊತ್ತ, ಸಮಯ, ಯು.ಪಿ.ಐ. ವಹಿವಾಟಿನ 12 ಅಂಕಿಗಳ ಸಂಖ್ಯೆ ಕೈಯಲ್ಲಿರಲಿ. ದುಡ್ಡು ಹೋದ ಖಾತೆಯಲ್ಲೇ ಇನ್ನೂ ಇದ್ದರೆ ಅದನ್ನು ತಡೆಹಿಡಿಯಬಹುದು. ಅಲ್ಲಿಂದ ಮುಂದೆ ಹೋಗಿ ಎ.ಟಿ.ಎಂ.ನಲ್ಲಿ ಹೊರಬಂದರೆ ಕಷ್ಟ. ಅದಕ್ಕೇ ಮೊದಲ ಕೆಲವು ಗಂಟೆಗಳು ಮುಖ್ಯ. ನಿಮ್ಮ ಬ್ಯಾಂಕಿಗೂ ತಿಳಿಸಿ. `cybercrime.gov.in` ನಲ್ಲಿ ದೂರು ಹಾಕಿ ಸ್ಕ್ರೀನ್‌ಶಾಟ್‌ಗಳನ್ನು ಸೇರಿಸಿ. ಬೆಂಗಳೂರಿನಲ್ಲಿ ಪೊಲೀಸ್ ವಿಭಾಗಕ್ಕೊಂದರಂತೆ ಸೈಬರ್ ಅಪರಾಧ ನೋಡಿಕೊಳ್ಳುವ ಸಿ.ಇ.ಎನ್. ಠಾಣೆಗಳಿವೆ, ಅಲ್ಲೂ ದೂರು ಕೊಡಬಹುದು. ಮೊತ್ತ ಸಣ್ಣದು ಅಂತ ಸುಮ್ನೆ ಕೂರಬೇಡಿ. ಒಂದೇ ಖಾತೆಯ ಮೇಲೆ ಹತ್ತಾರು ಸಣ್ಣ ದೂರು ಸೇರಿದಾಗಲೇ ಅದು ಕಣ್ಣಿಗೆ ಬೀಳುವುದು.

ದುಡ್ಡು ಹೋಗಿಲ್ಲ, ಕರೆ ಮಾತ್ರ ಬಂತು ಅಂದರೆ `sancharsaathi.gov.in` ನ ಚಕ್ಷು ವಿಭಾಗದಲ್ಲಿ ಆ ನಂಬರ್ ಬಗ್ಗೆ ತಿಳಿಸಿ.

ಆಧಾರ್, ಪ್ಯಾನ್ ಕಳಿಸಿದ್ದರೆ ಮೂರು ಕೆಲಸ ಮಾಡಿ. ಆಧಾರ್‌ನ ಬಯೋಮೆಟ್ರಿಕ್ ಲಾಕ್ ಮಾಡಿ. ಸಂಚಾರ್ ಸಾಥಿಯಲ್ಲೇ ನಿಮ್ಮ ಹೆಸರಲ್ಲಿ ಎಷ್ಟು ಸಿಮ್ ಇವೆ ಅಂತ ನೋಡಿ. ಒಂದೆರಡು ತಿಂಗಳು ಬಿಟ್ಟು ಕ್ರೆಡಿಟ್ ರಿಪೋರ್ಟ್ ತೆಗೆದು, ನೀವು ಪಡೆಯದ ಸಾಲ ಇದೆಯಾ ನೋಡಿ. ವರ್ಷಕ್ಕೊಂದು ರಿಪೋರ್ಟ್ ಉಚಿತ. "ಸ್ಯಾಲರಿ ಅಕೌಂಟ್ ತೆಗೆದು ಎ.ಟಿ.ಎಂ. ಕಾರ್ಡ್, ಸಿಮ್ ನಮಗೆ ಕಳಿಸಿ" ಅಂದರೆ ಯಾವ ಕಾರಣಕ್ಕೂ ಕಳಿಸಬೇಡಿ. ಬೇರೆಯವರಿಂದ ಕದ್ದ ದುಡ್ಡು ನಿಮ್ಮ ಖಾತೆಗೆ ಬರುತ್ತದೆ, ಪೊಲೀಸರು ಬರುವುದು ನಿಮ್ಮ ಮನೆಗೆ.

ತಮ್ಮನ 1,499 ವಾಪಸ್ ಬರಲಿಲ್ಲ. 1930ಕ್ಕೆ ಹೇಳುವಷ್ಟರಲ್ಲಿ ಹತ್ತು ದಿನ ಕಳೆದಿತ್ತು, ಖಾತೆ ಖಾಲಿಯಾಗಿತ್ತು. ದೂರು ಕೊಟ್ಟ ಮೂರನೇ ವಾರ ಅವನಿಗೆ ಮತ್ತೊಂದು ಕರೆ. "ಸೈಬರ್ ಸೆಲ್‌ನಿಂದ ಮಾತಾಡ್ತಿರೋದು. ನಿಮ್ಮ ದುಡ್ಡು ಸಿಕ್ಕಿದೆ. ರಿಫಂಡ್ ಪ್ರೊಸೆಸಿಂಗ್‌ಗೆ 850 ಕಟ್ಟಿ." ಒಮ್ಮೆ ಕಟ್ಟಿದವರ ನಂಬರ್ ಹೀಗೆ ಕೈಯಿಂದ ಕೈಗೆ ಹೋಗುತ್ತದೆ. ತಮ್ಮ ಕೇಳಿದ್ದು ಎರಡೇ ಮಾತು: "ಯಾವ ಠಾಣೆ ಸರ್? ನನ್ನ ದೂರಿನ ನಂಬರ್ ಹೇಳಿ." ಫೋನ್ ಕಟ್ ಆಯಿತು. ಆ ನಂಬರನ್ನು ಅವನು ಅವತ್ತೇ ಚಕ್ಷುವಿನಲ್ಲಿ ಹಾಕಿದ.